ಹೌದು, ಬಣ್ಣದ ರೇಟು ಜಾಸ್ತಿಯಾಗಿದೆ

ನಮ್ಮ ಪಾರ್ಲರಿನ ಖಾಯಂ ಅಕ್ಕಂದಿರೇ,

ಬರುವ ಒಂದನೇ ತಾರೀಖಿನಿಂದ ಕೂದಲಿನ ಬುಡದ ಬಣ್ಣಕ್ಕೆ 600 ಅಲ್ಲ, 750 ರೂಪಾಯಿ. ಉದ್ದ ಕೂದಲಿಗೆ ಎಷ್ಟು ಟ್ಯೂಬ್ ಹಿಡಿಯುತ್ತೋ ಅಷ್ಟರ ದುಡ್ಡು ಬೇರೆ. ಬೈಯುವವರು ಈಗಲೇ ಬೈದುಬಿಡಿ.

ನಿನ್ನೆ ಒಬ್ಬರು, "ಗಾಂಧಿ ಬಜಾರಿನಲ್ಲಿ ಟ್ಯೂಬ್ ಕಡಿಮೆಗೇ ಸಿಗುತ್ತೆ, ನಿಮ್ಮದು ಕೈ ಆಡಿಸೋದಷ್ಟೇ ಅಲ್ವಾ?" ಅಂದರು. ಹೌದು ರೀ, ಅಷ್ಟೇ! ಬಂದಿದ್ದು "ಸುಮ್ನೆ ಬುಡಕ್ಕೆ" ಅಂತ. 30 ಗ್ರಾಂ ಬಣ್ಣ, 30 ಗ್ರಾಂ ಡೆವಲಪರ್ ತೂಗಿ ಕಲಸಿದೆ. ಅರ್ಧ ತಲೆ ಮುಗಿಯುವಷ್ಟರಲ್ಲಿ "ಹಾಗೇ ತುದಿವರೆಗೂ ಎಳೆದುಬಿಡಿ" ಅಂದರು. ಸೊಂಟ ಮುಟ್ಟುವ ಜಡೆ! ಇನ್ನೊಂದು ಟ್ಯೂಬ್ ಒಡೆದು ಕಲಸಿದ ಮೇಲೆ, "ಬೇಡ ಬಿಡಿ, ತುದಿ ತೀರಾ ಕಪ್ಪಾಗುತ್ತೇನೋ." ಬಟ್ಟಲಲ್ಲಿ ಉಳಿದಿದ್ದನ್ನು ಏನು ಮಾಡಲಿ? ಡೆವಲಪರ್ ಬಿದ್ದ ಕೂಡಲೇ ಬಣ್ಣ ಕೆಲಸ ಶುರು ಮಾಡುತ್ತೆ. ಮುಕ್ಕಾಲು ಗಂಟೆ ಕಳೆದರೆ ಶಕ್ತಿಯೆಲ್ಲ ಹೋಗಿ, ಬಿಳಿ ಕೂದಲಿಗೆ ಸರಿಯಾಗಿ ಹಿಡಿಯೋದೇ ಇಲ್ಲ. ಫ್ರಿಡ್ಜಲ್ಲಿಟ್ಟು ನಾಳೆ ತೆಗೆಯೋಕೆ ಅದೇನು ದೋಸೆ ಹಿಟ್ಟಾ? ಸೀದಾ ಚರಂಡಿಗೆ ಹೋಯಿತು. ದುಡ್ಡು ಮಾತ್ರ ಬುಡದ್ದೇ ಕೊಟ್ಟರು.

ಇನ್ನು ಕಪ್ಪು ಮೆಹಂದಿಯವರು. "ಏನೂ ಹಚ್ಚಿಲ್ಲ" ಅಂತ ಕೂತು ಹೈಲೈಟ್ಸ್ ಕೇಳುತ್ತೀರಿ. ಕೆಲವು ಪುಡಿಗಳಲ್ಲಿ ಲೋಹದ ಲವಣ ಇರುತ್ತೆ, ಬ್ಲೀಚ್ ತಗುಲಿದರೆ ಕೂದಲು ಕಾದು ತುಂಡಾಗಬಹುದು. ಅದಕ್ಕೇ ಮೊದಲು ಒಂದೆಳೆ ಕತ್ತರಿಸಿ ಬಟ್ಟಲಲ್ಲಿ ನೆನೆಸಿ ನೋಡುತ್ತೇನೆ. ಅದು ಗುಳ್ಳೆ ಎದ್ದು ಬಿಸಿಯಾದರೆ ನನ್ನ ಮುಖವನ್ನೇ ದುರುಗುಟ್ಟಿ ನೋಡುತ್ತೀರಲ್ಲ, ಮೆಹಂದಿ ನಾನೇ ಹಚ್ಚಿದ್ದಾ? ಆ ಪರೀಕ್ಷೆಗೆ ಇಷ್ಟು ದಿನ ಪುಗಸಟ್ಟೆ. ಇನ್ಮೇಲೆ 100 ರೂಪಾಯಿ.