ಹತ್ತು ಗಂಟೆಗೆ ಬಂದು ಕರೆದುಕೊಂಡು ಹೋಗುತ್ತೇನೆ

ಸೋಮವಾರದಿಂದ ನಮ್ಮ ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದಾರೆ. ಕಾರಣ, ನನ್ನ ಫೋನಿನಲ್ಲಿ ಸಂದೇಶ ಕಳುಹಿಸುವ ಬಾಣದ ಬಳಿ ಸಾಸಿವೆ ಕಾಳಿನಷ್ಟು ಚಿಕ್ಕದಾಗಿ ಕಾಣುವ ‘2’ ಎಂಬ ಅಂಕಿ.

ಮಾವ ಇರುವುದು ಮಂಡ್ಯದಲ್ಲಿ, ನಾವು ಮೈಸೂರಿನಲ್ಲಿ. ಸೋಮವಾರ ಅವರನ್ನು ಇಲ್ಲಿಗೆ ಕರೆತಂದು ಕಣ್ಣು ತೋರಿಸುವುದೆಂದು ಮಾತಾಗಿತ್ತು. ಅವರದು ಬಟನ್ ಫೋನು, ಆದ್ದರಿಂದ ಎಸ್ಸೆಮ್ಮೆಸ್ಸೇ ಗತಿ. ರಾತ್ರಿ ಎಂಟರ ಮೇಲೆ ಫೋನು ಸದ್ದು ಮಾಡಿದರೆ ಯಾರೋ ಹೋದರು ಎಂದೇ ಅವರ ಲೆಕ್ಕ. ಬೆಳಗ್ಗೆ ಆರಕ್ಕೆ ಕಳುಹಿಸೋಣವೆಂದರೆ ನಾನು ಏಳುವುದು ಏಳಕ್ಕೆ. ಹಾಗಾಗಿ ಭಾನುವಾರ ರಾತ್ರಿಯೇ ಬರೆದು, ಬಾಣವನ್ನು ಒತ್ತಿ ಹಿಡಿದು, ಆರು ಗಂಟೆಗೆ ತಾನಾಗಿಯೇ ಹೋಗುವಂತೆ ಸಮಯ ಗೊತ್ತು ಮಾಡಿದೆ.

ಬರೆದಿದ್ದು ಹೀಗೆ: ‘ಮಾವ, ನಮಸ್ಕಾರ. ಸಿದ್ಧವಾಗಿರಿ. ಹತ್ತು ಗಂಟೆಗೆ ಬಂದು ನಾನೇ ಕರೆದುಕೊಂಡು ಹೋಗುತ್ತೇನೆ.’ ಇಂಗ್ಲಿಷ್ ಅಕ್ಷರಗಳಾದರೆ ಒಂದು ಎಸ್ಸೆಮ್ಮೆಸ್ಸಿಗೆ 160 ಹಿಡಿಯುತ್ತವೆ, ಕನ್ನಡಕ್ಕೆ 70 ಮಾತ್ರ. ಅದರಲ್ಲೂ ಕೊಂಬು, ಒತ್ತು, ಗುಡಿಸು ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. ನನ್ನದು 72 ಆಗಿ ಎರಡು ತುಂಡಾಗುತ್ತಿತ್ತು. ಮಾವ ಮೊದಲ ತುಂಡನ್ನಷ್ಟೇ ಓದಿ ಫೋನು ಮಡಗುವವರು. ಅದಕ್ಕೇ ‘ಮಾವ, ನಮಸ್ಕಾರ’ವನ್ನು ಕತ್ತರಿಸಿ, 58ಕ್ಕೆ ಇಳಿಸಿ, ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಮಲಗಿದೆ.

ಈಗ ಎರಡನೆಯ ಸಿಮ್ಮಿನ ವಿಷಯ. ಅದು ಅಪ್ಪನ ನಂಬರು. ಅಪ್ಪ ಹೋಗಿ ಎರಡು ವರ್ಷವಾಯಿತು. ತೊಂಬತ್ತು ದಿನ ಏನೂ ಬಳಸದೆ ಬಿಟ್ಟರೆ ನಂಬರು ಕೈತಪ್ಪಿ, ಮುಂದೆ ಬೇರೆ ಯಾರ ಪಾಲಿಗೋ ಹೋಗಬಹುದು. ಅಪ್ಪನಿಗೆ ಫೋನು ಮಾಡಿದರೆ ಅಪರಿಚಿತನೊಬ್ಬ ‘ಹಲೋ’ ಎನ್ನುವುದು ನನಗೆ ಬೇಡ. ಆದ್ದರಿಂದ ರೀಚಾರ್ಜ್ ಮಾಡಿಸಿ, ಆಗಾಗ ಅದರಿಂದ ನನ್ನದೇ ನಂಬರಿಗೆ ಒಂದು ಸಂದೇಶ ಕಳುಹಿಸಿಕೊಳ್ಳುತ್ತೇನೆ. ಹಿಂದಿನ ವಾರ ಹಾಗೆ ಮಾಡಲು ಸೆಟ್ಟಿಂಗ್ಸ್‌ಗೆ ಹೋಗಿ, ಎಸ್ಸೆಮ್ಮೆಸ್ಸಿಗೆ ಖಾಯಂ ಸಿಮ್ ಎರಡನೆಯದೆಂದು ಬದಲಾಯಿಸಿದ್ದೆ. ವಾಪಸ್ ಬದಲಾಯಿಸಲು ಮರೆತೆ. ಬಾಣವನ್ನು ಒತ್ತಿ ಹಿಡಿದಾಗ ಆ ‘2’ ನನ್ನ ಹೆಬ್ಬೆರಳಿನ ಅಡಿಯಲ್ಲೇ ಇತ್ತು.

ಮಾವನ ಫೋನಿನಲ್ಲಿ ಅಪ್ಪನ ನಂಬರು ‘ಬೀಗರು’ ಎಂದಿದೆ.

ಸೋಮವಾರ ಬೆಳಗ್ಗೆ ಆರು ಗಂಟೆ. ದಿವಂಗತ ಬೀಗರಿಂದ ಸಂದೇಶ: ‘ಸಿದ್ಧವಾಗಿರಿ. ಹತ್ತು ಗಂಟೆಗೆ ಬಂದು ನಾನೇ ಕರೆದುಕೊಂಡು ಹೋಗುತ್ತೇನೆ.’

ನಾನು ಹತ್ತಕ್ಕೆ ಸರಿಯಾಗಿ ಹೋದಾಗ ಮಾವ ಸ್ನಾನ ಮಾಡಿ, ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಜಗಲಿಯ ಮೇಲೆ ಕುಳಿತಿದ್ದರು. ಮೂವತ್ತು ವರ್ಷ ಮೇಷ್ಟರಾಗಿದ್ದವರು, ಹೇಳಿದ ಹೊತ್ತಿಗೆ ತಯಾರಿರುವುದು ಅವರ ಅಭ್ಯಾಸ. ಹಾಲಿನವನ ಬಾಕಿ ತೀರಿಸಿದ್ದರು. ದಿನಸಿ ಅಂಗಡಿಗೆ ಕೊಡಬೇಕಿದ್ದ ನಲವತ್ತು ರೂಪಾಯಿಯನ್ನು ನಡೆದುಕೊಂಡೇ ಹೋಗಿ ಕೊಟ್ಟು ಬಂದಿದ್ದರು. ಪಾಸ್‌ಬುಕ್ಕು ಯಾವ ಟ್ರಂಕಿನಲ್ಲಿದೆ, ಹಸುವಿಗೆ ಹಿಂಡಿ ಎಷ್ಟು ಎಂದೆಲ್ಲ ಅತ್ತೆಗೆ ಹೇಳಿ ಮುಗಿಸಿದ್ದರು. ಅತ್ತೆ ಕಂಬಕ್ಕೆ ಒರಗಿ ಅಳುತ್ತಿದ್ದರು. ಆಟೋದಿಂದ ಇಳಿದ ನನ್ನನ್ನು ನೋಡಿ ಮಾವ, ‘ಓ, ನೀವೂ ಬಂದಿರಾ? ಒಳ್ಳೆಯದಾಯಿತು’ ಎಂದರು.

ವಿಷಯ ತಿಳಿದ ಮೇಲೆ ಕೇಳಿದೆ: ‘ಮಾವ, ಆ ನಂಬರಿಗೆ ಒಂದು ಫೋನು ಮಾಡಬಾರದಿತ್ತೇ?’

‘ಮಾಡೋಣವೆಂದುಕೊಂಡೆ. ಎತ್ತಿಬಿಟ್ಟರೆ?’

ಆಮೇಲೆ ‘ಪ್ರತಿ ಸಲ ಕೇಳು’ ಎಂಬ ಆಯ್ಕೆಯನ್ನೇ ಇಟ್ಟು, ಸಂದೇಶ ಕಳುಹಿಸಲೆಂದೇ ಇರುವ ಬೇರೆ ಆ್ಯಪ್ ಹಾಕಿ ನೋಡಿದೆ. ಮುಂಜಾನೆ ಆರಕ್ಕೆ ‘ಯಾವ ಸಿಮ್?’ ಎಂದರೆ ಉತ್ತರಿಸುವವನು ಗೊರಕೆ ಹೊಡೆಯುತ್ತಿದ್ದ. ಸಂದೇಶ ಹೋಗಲೇ ಇಲ್ಲ. ಈಗ ಖಾಯಂ ಸಿಮ್ ಒಂದನೆಯದೇ. ಗೊತ್ತುಪಡಿಸುವ ಮುಂಚೆ ಬೆರಳು ಸರಿಸಿ ಅಂಕಿ ನೋಡುತ್ತೇನೆ. ಸಂಶಯವಿದ್ದರೆ ಐದು ನಿಮಿಷದ ನಂತರಕ್ಕೆ ಹೆಂಡತಿಯ ಫೋನಿಗೊಂದು ಗೊತ್ತು ಮಾಡಿ, ಯಾರ ಹೆಸರಿನಲ್ಲಿ ಬಂತೆಂದು ಕೇಳುತ್ತೇನೆ. ಅವಳಿಗೆ ಅದೊಂದು ಹೊಸ ಕಿರಿಕಿರಿ. ಸೆಟ್ಟಿಂಗ್ಸ್‌ನಲ್ಲಿ ಸಿಮ್‌ಗಳ ಹೆಸರನ್ನೂ ಬದಲಾಯಿಸಬಹುದು. ಎರಡನೆಯದಕ್ಕೆ ‘ಅಪ್ಪ’ ಎಂದು ಕೊಟ್ಟಿದ್ದೇನೆ.

ಕಣ್ಣು ತೋರಿಸಿಕೊಂಡು ವಾಪಸ್ ಹೋಗುವಾಗ ಶ್ರೀರಂಗಪಟ್ಟಣ ದಾಟುವವರೆಗೂ ಮಾವ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, ‘ಯುಗಾದಿಗೆ ನನಗೆ ಮೊದಲ ಶುಭಾಶಯ ಬರುತ್ತಿದ್ದದ್ದೇ ಬೀಗರದು. ಆ ನಂಬರಿನಿಂದಲೇ ಕಳುಹಿಸಿ, ಪರವಾಗಿಲ್ಲ’ ಎಂದರು. ಸ್ವಲ್ಪ ಹೊತ್ತು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡಿ, ‘ಆದರೆ ಎಷ್ಟು ಗಂಟೆಗೆ ಬರುತ್ತೇನೆ ಎಂದು ಮಾತ್ರ ಹಾಕಬೇಡಿ’ ಎಂದರು.