ನೂರರ ಹತ್ತಿರ ಬಂದ ಕೂಸು

ಬ್ರಿಟನ್ನಿನವರಿಗೆ ಈಸ್ಟರ್ ಹಬ್ಬದ ತಾರೀಕಿನದೇ ಒಂದು ತಲೆನೋವು. ಚಂದ್ರನ ಲೆಕ್ಕದ ಹಬ್ಬ ಅಲ್ವಾ, ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವ ಭಾನುವಾರಕ್ಕಾದರೂ ಬೀಳಬಹುದು. 1928ರಲ್ಲಿ ಅವರ ಸಂಸತ್ತು ಚಂದ್ರನಿಗೇ ಮೂಗುದಾರ ಹಾಕಲು ಹೊರಟಿತು. ಏಪ್ರಿಲ್‌ನ ಎರಡನೇ ಶನಿವಾರದ ಮರುದಿನವೇ ಈಸ್ಟರ್ ಅಂತ ಒಂದು ಮಸೂದೆ ಬಂತು.

ಮಸೂದೆ ಅಂದ ಮೇಲೆ ಶಾಸ್ತ್ರಗಳು ಆಗಬೇಕು. ಮೊದಲನೆಯದು ಮೊದಲ ವಾಚನ. ಹೆಸರು ವಾಚನ, ಆದರೆ ಓದುವುದು ಶೀರ್ಷಿಕೆ ಮಾತ್ರ. ಚರ್ಚೆ ಇಲ್ಲ. ಇವತ್ತಿಗೂ ಕಾಮನ್ಸ್ ಸಭೆಯಲ್ಲಿ ಆ ಹೊತ್ತಿಗೆ ಬರುವುದು ಹೆಸರು ಬರೆದ ಡಮ್ಮಿ ಹಾಳೆ. ಒಳಗಿನ ಸರಕು ಆಮೇಲೆ ಅಚ್ಚಾಗುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನೋದು ನಮಗೆ ಬರೀ ಗಾದೆ, ಅವರಿಗೆ ಅದೇ ಪದ್ಧತಿ.

ಎರಡನೇ ವಾಚನದಲ್ಲಿ ಇಂಥ ಕಾನೂನು ಬೇಕೋ ಬೇಡವೋ ಅನ್ನುವ ವಾದ. ಆಮೇಲೆ ಸಮಿತಿ ಕೂತು ಒಂದೊಂದು ಕಲಮನ್ನೂ ಜರಡಿ ಹಿಡಿಯುತ್ತದೆ. ಮೂರನೇ ವಾಚನ ಮುಗಿದರೆ ಲಾರ್ಡ್ಸ್ ಸಭೆಯಲ್ಲಿ ಮತ್ತೆ ಇದೇ ಸುತ್ತು. ಕೊನೆಗೆ ರಾಜನ ಒಪ್ಪಿಗೆ. ಅದನ್ನು ಸಾರುವುದು ಹಳೇ ಫ್ರೆಂಚಿನಲ್ಲಿ: ‘ಲ ರ್ವಾ ಲ ವೊ’. ಅಂದರೆ, ರಾಜರ ಇಚ್ಛೆ. ಪಾಪ, ರಾಜರಿಗೆ ಬೇರೆ ಇಚ್ಛೆ ಇರುವ ಹಾಗಿಲ್ಲ. ಮಸೂದೆಯೊಂದಕ್ಕೆ ಅಲ್ಲಿ ಒಪ್ಪಿಗೆ ತಪ್ಪಿದ್ದು 1708ರಲ್ಲಿ, ಅದೇ ಕೊನೆ.

1928ರ ಆಗಸ್ಟ್ 3ಕ್ಕೆ ಈಸ್ಟರ್ ಮಸೂದೆಗೂ ಅಂಕಿತ ಬಿತ್ತು. ಕಾಯಿದೆ ಆಯಿತು. ಮುಗೀತು ಅಂದುಕೊಂಡಿರಾ?

ಕಾಯಿದೆ ಓದುವಾಗ ‘ಜಾರಿ’ ಅನ್ನುವ ಪದ ಎಲ್ಲಿದೆ ಅಂತ ಮೊದಲು ಹುಡುಕಬೇಕು. ಆಟವೆಲ್ಲ ಅಲ್ಲಿರುತ್ತದೆ. ಇದರ ಎರಡನೇ ಕಲಮಿನ ಪ್ರಕಾರ, ಕಾಯಿದೆ ಜಾರಿಯಾಗಲು ಇನ್ನೊಂದು ರಾಜಾಜ್ಞೆ ಬೇಕು. ಆ ಆಜ್ಞೆಯ ಕರಡಿಗೆ ಎರಡೂ ಸಭೆಗಳು ಮತ್ತೆ ಒಪ್ಪಬೇಕು. ಕರಡು ಬರೆಯುವ ಮೊದಲು ಚರ್ಚುಗಳು ಏನನ್ನುತ್ತವೆ ಅಂತ ಗಮನಿಸಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಇಲ್ಲಂತೂ ಅಕ್ಷರಶಃ ಪೂಜಾರಿಗಳೇ. ಚರ್ಚುಗಳು ಒಮ್ಮತಕ್ಕೆ ಬರಲಿಲ್ಲ, ಆಜ್ಞೆ ಹೊರಡಲಿಲ್ಲ. ಕಾಯಿದೆಯನ್ನು ರದ್ದೂ ಮಾಡಿಲ್ಲ. ಪುಸ್ತಕದಲ್ಲಿ ಹಾಗೇ ಮಲಗಿದೆ.

ನಗುವ ಮುಂಚೆ ನಮ್ಮದನ್ನೂ ನೋಡಿಕೊಳ್ಳೋಣ. 1995ರ ದೆಹಲಿ ಬಾಡಿಗೆ ಕಾಯಿದೆಗೆ ಎರಡೂ ಸದನಗಳ ಒಪ್ಪಿಗೆ ಸಿಕ್ಕಿತ್ತು, ರಾಷ್ಟ್ರಪತಿ ಅಂಕಿತವೂ ಬಿತ್ತು. ‘ಸರ್ಕಾರ ಗೊತ್ತುಮಾಡುವ ದಿನದಿಂದ ಜಾರಿ’ ಅಂತ ಅದರಲ್ಲೇ ಬರೆದಿತ್ತು. ಆ ದಿನವನ್ನು ಗೊತ್ತುಮಾಡುವ ಅಧಿಸೂಚನೆ ಮಾತ್ರ ಬರಲೇ ಇಲ್ಲ. ಇಷ್ಟೊಂದು ಜನ ಕೂತು ಪಾಸು ಮಾಡಿದ್ದನ್ನು ತಡೆಯಲು ಯಾರೂ ವಿರೋಧಿಸಬೇಕಾಗಿಲ್ಲ. ಸುಮ್ನಿದ್ದರೆ ಸಾಕು.

2028ಕ್ಕೆ ಈಸ್ಟರ್ ಕಾಯಿದೆಗೆ ನೂರು ತುಂಬುತ್ತದೆ. ಆ ವರ್ಷ ಕಾಯಿದೆಯ ಲೆಕ್ಕದಲ್ಲಿ ಈಸ್ಟರ್ ಏಪ್ರಿಲ್ 9ಕ್ಕೆ. ಚಂದ್ರನ ಲೆಕ್ಕದಲ್ಲಿ 16ಕ್ಕೆ. ಚಂದ್ರ ಯಾವ ಅಧಿಸೂಚನೆಗೂ ಕಾಯುವುದಿಲ್ಲ ನೋಡಿ, ಹಬ್ಬ 16ಕ್ಕೇ.