ಬಿಡಿಸಿ ತೋರಿಸಬೇಕೋ, ಮಕ್ಕಳೇ ಕಂಡುಕೊಳ್ಳಲಿ ಅಂತ ಬಿಡಬೇಕೋ?

ಪರ: ಮೊದಲು ಬಿಡಿಸಿ ತೋರಿಸಿ

ಬೀಜಗಣಿತಕ್ಕೆ ಹೊಸಬಳಾದ ಹುಡುಗಿಯ ಮುಂದೆ 3(x + 4) = 27 ಇಡಿ. ಏನೂ ಹೇಳಿಕೊಡದೆ "ನೀನೇ ಕಂಡುಹಿಡಿ" ಅನ್ನಿ. ಅವಳು 1, 2, 3 ಅಂತ ಹಾಕಿ ನೋಡುತ್ತಾ 5ಕ್ಕೆ ಬಂದು ನಿಲ್ಲುತ್ತಾಳೆ. ಉತ್ತರ ಸರಿ, ನಮಗೂ ಖುಷಿ. ಆದರೆ ಮುಂದಿನ ಲೆಕ್ಕ 2(x − 7) = 15 ಆದರೆ ಅದೇ ದಾರಿ ಕೈಕೊಡುತ್ತದೆ, ಯಾಕೆಂದರೆ ಅಲ್ಲಿ ಉತ್ತರ 14.5. ಅವಳು ಉತ್ತರ ಹುಡುಕಿದಳು, ವಿಧಾನ ಕಲಿಯಲಿಲ್ಲ ಅಲ್ವಾ?

ಹೊಸ ವಿಷಯ ಅಂದರೆ ಒಂದು ಸಲಕ್ಕೆ ಮೂರು-ನಾಲ್ಕು ತುಣುಕಿಗಿಂತ ಜಾಸ್ತಿ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಹುಡುಕಾಟವೇ ಆ ಜಾಗವನ್ನೆಲ್ಲ ತಿಂದುಬಿಟ್ಟರೆ, ಎರಡೂ ಕಡೆ 3ರಿಂದ ಯಾಕೆ ಭಾಗಿಸಬಹುದು ಅನ್ನುವುದನ್ನು ಗಮನಿಸಲು ಏನು ಉಳಿಯುತ್ತದೆ? 1985ರಲ್ಲಿ ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ ಇದನ್ನೇ ಪರೀಕ್ಷಿಸಿದರು. ಒಂದು ಗುಂಪಿಗೆ ಬಿಡಿಸಿದ ಲೆಕ್ಕ ತೋರಿಸಿ, ಹಿಂದೆಯೇ ಅಂಥದೇ ಇನ್ನೊಂದನ್ನು ಮಾಡಿಸಿದರು. ಇನ್ನೊಂದು ಗುಂಪು ಎಲ್ಲವನ್ನೂ ತಾನೇ ಬಿಡಿಸಿತು. ಆಮೇಲೆ ಅದೇ ಬಗೆಯ ಲೆಕ್ಕ ಕೊಟ್ಟಾಗ ಮೊದಲ ಗುಂಪೇ ಬೇಗ ಮುಗಿಸಿತು, ತಪ್ಪೂ ಕಡಿಮೆ. ಬೇರೆ ಬಗೆಯ ಲೆಕ್ಕದಲ್ಲಿ ಮಾತ್ರ ಈ ಲಾಭ ಕಾಣಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೂ ಮೊದಲ ವಾರದ ಮಗುವನ್ನು ಸುಮ್ನೆ ಒದ್ದಾಡಲು ಬಿಡುವುದಕ್ಕೆ ಅದು ಕಾರಣವಾಗುವುದಿಲ್ಲ.

ವಿರೋಧ: ಎಲ್ಲಿಯವರೆಗೆ ತೋರಿಸುತ್ತೀರಿ?

ಮೊದಲ ವಾರದ ಮಾತನ್ನು ನಾನೂ ಒಪ್ಪುತ್ತೇನೆ. ನನ್ನ ತಕರಾರು ಆರನೇ ವಾರದ್ದು. ಅಷ್ಟರಲ್ಲಿ ಆ ಹುಡುಗಿಗೆ ಹೆಜ್ಜೆಗಳು ಗೊತ್ತು, ಆದರೂ ಅವಳು ಬೋರ್ಡಿನ ಮೇಲಿನ ಐದು ಸಾಲನ್ನೂ ಓದಿ, ತನ್ನ ದಾರಿಯ ಜೊತೆ ಹೋಲಿಸಿ, ಎರಡೂ ಒಂದೇನಾ ಅಂತ ನೋಡುತ್ತಾ ಕೂರಬೇಕು. ಇದೂ ಹೊರೆಯೇ.

2001ರಲ್ಲಿ ಸ್ಲಾವಾ ಕಲ್ಯೂಗಾ ಮತ್ತು ಜೊತೆಗಾರರು (ಸ್ವೆಲ್ಲರ್ ಕೂಡ ಅವರಲ್ಲೊಬ್ಬರು) ಕೈಕಸುಬು ಕಲಿಯುತ್ತಿದ್ದವರಿಗೆ ರಿಲೇ ಅನ್ನುವ ವಿದ್ಯುತ್ ಸ್ವಿಚ್ಚುಗಳ ಸರ್ಕ್ಯೂಟಿನ ಪ್ರೋಗ್ರಾಂ ಬರೆಯಲು ಕಲಿಸಿದರು. ಶುರುವಿನಲ್ಲಿ ಬಿಡಿಸಿದ ಉದಾಹರಣೆಯೇ ಗೆದ್ದಿತು. ಕಲಿಕೆ ಮುಂದುವರಿದ ಹಾಗೆ ಆ ಲಾಭ ಕರಗಿತು, ಕೊನೆಗೆ ತಾವೇ ಬಿಡಿಸುವುದೇ ಹೆಚ್ಚು ಫಲ ಕೊಟ್ಟಿತು. ಕೆಲಸ ಬದಲಾಗಲಿಲ್ಲ, ಕಲಿಯುವವರು ಬದಲಾದರು. ಹೊಸಬರ ಮೇಲೆ ನಡೆದ ಪ್ರಯೋಗ ಹಿಡಿದುಕೊಂಡು ಎಲ್ಲರಿಗೂ ಒಂದೇ ಪಾಠ ಮಾಡುವುದು ಅದಕ್ಕೇ ತಪ್ಪು.

ಯಾರು ಎಲ್ಲಿದ್ದಾರೆ ಅಂತ ತಿಳಿಯಲು ದೊಡ್ಡ ಪರೀಕ್ಷೆ ಬೇಕಿಲ್ಲ. 3(x + 4) = 27 ಬರೆದು, ಕೆಲವೇ ಸೆಕೆಂಡು ಕೊಟ್ಟು, "ಮುಂದಿನ ಒಂದು ಸಾಲು ಬರೆಯಿರಿ" ಅನ್ನಿ. ಒಬ್ಬರು ಪೆನ್ನು ಹಿಡಿದು ಸುಮ್ಮನೆ ಕೂರುತ್ತಾರೆ, ಅವರಿಗೆ ಪೂರ್ತಿ ಬಿಡಿಸಿ ತೋರಿಸಿ. 3x + 12 = 27 ಬರೆದವರಿಗೆ ಕೊನೆಯ ಒಂದೆರಡು ಹೆಜ್ಜೆ ಖಾಲಿ ಬಿಟ್ಟ ಲೆಕ್ಕ ಕೊಡಿ. ನೇರವಾಗಿ x = 5 ಅಂತ ಬರೆದವರಿಗೆ 2(x − 7) = 15 ಕೊಟ್ಟು ನೋಡಿ. ಅದನ್ನೂ ಬಿಡಿಸಿದರೆ ಅವರ ಮುಂದಿನಿಂದ ಉದಾಹರಣೆ ತೆಗೆದು, ಅವರು ಈವರೆಗೆ ನೋಡಿಲ್ಲದ ಲೆಕ್ಕ ಇಡಿ.